ಫೋಟೋದ ಹಿಂದಿನ ಗದ್ದಲ ತೆಗೆಯೋಕೆ ಐದು ದಾರಿ: ನಿಮ್ಮ ಕೆಲಸಕ್ಕೆ ಯಾವುದು?

ಬಾಗಲಕೋಟೆಯಲ್ಲಿ ನನ್ನದೊಂದು ಚಿಕ್ಕ ಫೋಟೋ ಮತ್ತು ಡಿಸೈನ್ ಅಂಗಡಿ ಇದೆ. ಒಂದೆರಡು ವರ್ಷದಿಂದ ಜನ ಬಂದು ಕೇಳುವ ಕೆಲಸ ಬದಲಾಗಿದೆ. ಮೊದಲು ಪಾಸ್‌ಪೋರ್ಟ್ ಫೋಟೋ, ಮದುವೆ ಬ್ಯಾನರ್ ಕೇಳುತ್ತಿದ್ದರು. ಈಗ ಮೊಬೈಲಿನಲ್ಲಿರುವ ಒಂದು ಫೋಟೋ ತೋರಿಸಿ, "ಇದನ್ನ ಇಟ್ಕೊಂಡು ಎಐದಾಗ ಬೇರೆ ಚಿತ್ರ ಮಾಡಿ ಕೊಡ್ರಿ" ಅನ್ನುತ್ತಾರೆ. ಆ ಫೋಟೋದಲ್ಲಿ ವ್ಯಕ್ತಿ ಚೆನ್ನಾಗಿಯೇ ಇರುತ್ತಾರೆ. ತೊಂದರೆ ಇರೋದು ಅವರ ಹಿಂದೆ. ಒಣಗಲು ಹಾಕಿದ ಬಟ್ಟೆ, ಕ್ಯಾಲೆಂಡರ್, ದೇವರ ಫೋಟೋ, ಟಿವಿ, ಗೋಡೆಗೆ ಒರಗಿಸಿದ ಸೈಕಲ್.

ಈ ಗದ್ದಲ ತೆಗೆಯೋಕೆ ಹಲವು ದಾರಿ ಇವೆ. ಫೋಟೋವನ್ನೇ ಮತ್ತೆ ತೆಗೆಯಬಹುದು. ಬೇಡದ ಭಾಗ ಕತ್ತರಿಸಬಹುದು. ಸಾಫ್ಟ್‌ವೇರ್‌ಗೆ ಹೇಳಿ ವ್ಯಕ್ತಿಯನ್ನು ಮಾತ್ರ ಬಿಡಿಸಿಕೊಳ್ಳಬಹುದು. ಅದೇ ಕೆಲಸವನ್ನು ಕೈಯಿಂದ ಮಾಡಬಹುದು. ಇಲ್ಲವೇ ಹಿಂದಿನ ಸಾಮಾನನ್ನಷ್ಟೇ ಅಳಿಸಿ ಗೋಡೆಯನ್ನು ಹಾಗೇ ಬಿಡಬಹುದು. ಹಿಂದಿನದನ್ನು ಮಸುಕು ಮಾಡುವ ಆರನೇ ದಾರಿಯನ್ನೂ ಜನ ಹಿಡಿಯುತ್ತಾರೆ. ಅದು ಯಾಕೆ ಬೇಡ ಅಂತ ಮುಂದೆ ಲೆಕ್ಕ ಹಾಕಿ ತೋರಿಸುತ್ತೇನೆ.

ಮೊದಲು ಮೂರು ಪ್ರಶ್ನೆ

ದಾರಿ ಆರಿಸುವ ಮುನ್ನ ಮೂರು ಪ್ರಶ್ನೆಗೆ ಉತ್ತರ ಇರಬೇಕು.

ಮೊದಲನೆಯದು, ಕೊಟ್ಟ ಫೋಟೋ ನೋಡಿ ಹೊಸ ಚಿತ್ರ ಮಾಡುವ ನಿಮ್ಮ ಎಐ ಟೂಲ್ ಆ ಫೋಟೋದಿಂದ ಏನನ್ನು ಓದುತ್ತದೆ? ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಇದನ್ನು ಕೇಳಿಕೊಳ್ಳದೆ ಗಂಟೆಗಟ್ಟಲೆ ಅಂಚು ಬಿಡಿಸುತ್ತಾ ಕೂತವರನ್ನು ನೋಡಿದ್ದೇನೆ. ಕೆಲವು ಟೂಲ್ ಮುಖವನ್ನಷ್ಟೇ ಓದುತ್ತವೆ. ಐಪಿ-ಅಡಾಪ್ಟರ್‌ನ ಫೇಸ್‌ಐಡಿ ಮಾದರಿಗಳು, ಇನ್‌ಸ್ಟಂಟ್‌ಐಡಿ ಈ ಜಾತಿಯವು. ಇವು ಮೊದಲು ಫೋಟೋದಲ್ಲಿ ಮುಖ ಹುಡುಕಿ, ಆ ಮುಖವನ್ನು ಒಂದಷ್ಟು ಅಂಕಿಗಳಾಗಿ ಬದಲಿಸಿಕೊಳ್ಳುತ್ತವೆ. ಗುರುತು ಹೋಗುವುದು ಆ ಅಂಕಿಗಳ ಮೂಲಕ. ಹಿಂದೆ ಸೈಕಲ್ ಇದ್ದರೂ ಅದು ಆ ಅಂಕಿಗಳೊಳಗೆ ಬರುವುದಿಲ್ಲ. ಸಾಮಾನ್ಯ ಐಪಿ-ಅಡಾಪ್ಟರ್ ಹಾಗಲ್ಲ. ಅದು ಇಡೀ ಚಿತ್ರವನ್ನು ಒಟ್ಟಿಗೆ ನೋಡುತ್ತದೆ. ವ್ಯಕ್ತಿ ಯಾರು, ಹಿನ್ನೆಲೆ ಯಾವುದು ಅನ್ನುವ ಭೇದ ಅದಕ್ಕಿಲ್ಲ. ಮುಖ, ಸೀರೆ, ಕಪಾಟು, ಟ್ಯೂಬ್‌ಲೈಟ್ ಎಲ್ಲವೂ ಸೇರಿ ಒಂದೇ ಸಾರು ಆಗುತ್ತದೆ. ಮೂರನೇ ಜಾತಿ ಅಂದರೆ ಮಾತಿನಲ್ಲಿ ಹೇಳಿದಂತೆ ಚಿತ್ರ ತಿದ್ದುವ ಮಾಡೆಲ್‌ಗಳು, ಫ್ಲಕ್ಸ್ ಕಾಂಟೆಕ್ಸ್ಟ್ ಅಥವಾ ಕ್ವೆನ್ ಇಮೇಜ್ ಎಡಿಟ್ ತರಹದವು. ಅವೂ ಇಡೀ ಫೋಟೋ ನೋಡುತ್ತವೆ, ಆದರೆ ಹಿನ್ನೆಲೆ ಬದಲಿಸು ಅಂದರೆ ಅರ್ಥ ಮಾಡಿಕೊಳ್ಳುತ್ತವೆ.

ಎರಡನೆಯದು, ವ್ಯಕ್ತಿಯ ಅಂಚು ಎಷ್ಟು ಕಷ್ಟದ್ದು? ಬಿಚ್ಚಿದ ಕೂದಲು, ಜೋತುಬಿದ್ದ ಸೆರಗು, ಬಿಳಿ ಗೋಡೆಯ ಮುಂದಿನ ಬಿಳಿ ರುಮಾಲು, ಇವೆಲ್ಲ ಕಷ್ಟದ ಅಂಚುಗಳು. ಎಣ್ಣೆ ಹಚ್ಚಿ ಬಾಚಿದ ತಲೆ, ಕಪ್ಪು ಶರ್ಟು, ತಿಳಿ ಗೋಡೆ ಇದ್ದರೆ ಸಲೀಸು.

ಮೂರನೆಯದು, ಆ ಫೋಟೋ ಮತ್ತೆ ಸಿಗುತ್ತದಾ? ವ್ಯಕ್ತಿ ಮನೆಯಲ್ಲೇ ಇದ್ದರೆ ಒಂದು ಮಾತು. ತೀರಿಕೊಂಡವರ ಒಂದೇ ಒಂದು ಫೋಟೋ ಆದರೆ ಬೇರೆ ಮಾತು.

ಹಣದ ಪ್ರಶ್ನೆ ಇಲ್ಲಿ ಚಿಕ್ಕದು. ಮುಂದೆ ಹೇಳುವ ಸಾಫ್ಟ್‌ವೇರ್‌ಗಳೆಲ್ಲ ಉಚಿತ. ಖರ್ಚಾಗುವುದು ಸಮಯ.

ಒಂದು ಫೋಟೋ, ಮೂರು ಪ್ರಯತ್ನ

ಇಳಕಲ್ಲಿನಿಂದ ಒಬ್ಬ ಸೀರೆ ವ್ಯಾಪಾರಿ ಬಂದಿದ್ದರು. ಅವರ ಸೊಸೆ ಇಳಕಲ್ ಸೀರೆ ಉಟ್ಟು ಅಂಗಡಿಯಲ್ಲೇ ನಿಂತ ಫೋಟೋ. ಕೆಂಪು ಸೆರಗು, ಅದರ ಮೇಲೆ ಬಿಳಿ ತೋಪು ತೆನೆ, ಮೇಲೆ ಗುಳೇದಗುಡ್ಡದ ಖಣದ ಕುಪ್ಪಸ. ಹಿಂದೆ ಕಪಾಟು, ಅದರ ತುಂಬ ಮಡಚಿಟ್ಟ ಸೀರೆಗಳು. ಅವರಿಗೆ ಬೇಕಾಗಿದ್ದು ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲ ಮೇಲೆ ಸಂಜೆ ಬೆಳಕಿನಲ್ಲಿ ನಿಂತಂತೆ ಒಂದು ಚಿತ್ರ. ಸೊಸೆಯನ್ನೂ ಕೇಳಿದೆ, ಅವರೂ ಖುಷಿಯಿಂದ ಒಪ್ಪಿದರು.

ಫೋಟೋವನ್ನು ಇದ್ದ ಹಾಗೇ ಐಪಿ-ಅಡಾಪ್ಟರ್‌ಗೆ ಕೊಟ್ಟೆ. ಬಂದ ಚಿತ್ರದಲ್ಲಿ ಕಲ್ಲಿನ ಮೆಟ್ಟಿಲುಗಳಿಗೆ ಬಣ್ಣಬಣ್ಣದ ಪಟ್ಟೆ. ಮಡಚಿಟ್ಟ ಸೀರೆಗಳ ಸಾಲು ಮೆಟ್ಟಿಲಾಗಿ ಬಂದಿತ್ತು. ಸೆರಗಿನ ಕೆಂಪಿನಲ್ಲಿ ಹಸಿರು, ನೀಲಿ ಬೆರೆತಿದ್ದವು. "ಅಣ್ಣಾರ, ಇದು ನಮ್ಮ ಸೀರಿ ಅಲ್ರಿ, ಸೆರಗ ಯಾಕ ಹಿಂಗ ಆತು?" ಅಂದರು ಆ ಹೆಣ್ಣುಮಗಳು. ಅವರ ಮಾತು ಸರಿಯಿತ್ತು.

ಮೊದಲ ಪ್ರಯತ್ನವಾಗಿ ಹಿನ್ನೆಲೆಯನ್ನು ಮಸುಕು ಮಾಡಿದೆ. ಏನೂ ಬದಲಾಗಲಿಲ್ಲ. ಕಾರಣ ತಿಳಿಯೋಕೆ ಒಂದು ಸಣ್ಣ ಲೆಕ್ಕ ಸಾಕು. ಆ ಫೋಟೋ 3000 ಅಡ್ಡ, 4000 ಉದ್ದದ ಪಿಕ್ಸೆಲ್‌ನದು. ಸಾಮಾನ್ಯ ಐಪಿ-ಅಡಾಪ್ಟರ್ ಫೋಟೋವನ್ನು ನೋಡುವ ಮೊದಲು ಅದನ್ನು 224ಕ್ಕೆ 224 ಪಿಕ್ಸೆಲ್‌ನ ಚೌಕಕ್ಕೆ ಕುಗ್ಗಿಸುತ್ತದೆ. 3000 ಹೋಗಿ 224 ಆಯಿತು ಅಂದರೆ ಹದಿಮೂರು ಪಟ್ಟು ಚಿಕ್ಕದು. ನಾನು 20 ಪಿಕ್ಸೆಲ್ ಮಸುಕು ಹಾಕಿದ್ದೆ. ಕುಗ್ಗಿದ ಮೇಲೆ ಅದು ಒಂದೂವರೆ ಪಿಕ್ಸೆಲ್. ಅಂದರೆ ಮಾಡೆಲ್ ಕಣ್ಣಿಗೆ ಮಸುಕು ಕಾಣಿಸಲೇ ಇಲ್ಲ. ಇನ್ನೂ ಜಾಸ್ತಿ ಮಸುಕು ಮಾಡಿದರೆ ಸೀರೆಗಳ ಆಕಾರ ಹೋಗುತ್ತದೆ, ಬಣ್ಣದ ಮುದ್ದೆಗಳು ಉಳಿಯುತ್ತವೆ. ಸೆರಗಿಗೆ ಬೆರೆತದ್ದೇ ಆ ಬಣ್ಣ. ಮೊಬೈಲಿನ ಪೋರ್ಟ್ರೇಟ್ ಮೋಡ್‌ಗೂ ಇದೇ ಮಾತು ಹೊಂದುತ್ತದೆ. ಜೊತೆಗೆ ಅದು ಕೂದಲಿನ ತುದಿ, ಕಿವಿಯೋಲೆಗಳನ್ನೂ ಮಸುಕು ಮಾಡಿಬಿಡುತ್ತದೆ. ಹಾಗಾಗಿ ಮಸುಕು ಮಾಡುವ ದಾರಿಯನ್ನು ನಾನು ಯಾರಿಗೂ ಹೇಳುವುದಿಲ್ಲ.

ಎರಡನೇ ಪ್ರಯತ್ನ, ವ್ಯಕ್ತಿಯನ್ನು ತಾನಾಗಿ ಬಿಡಿಸುವ ಸಾಫ್ಟ್‌ವೇರ್. ಮುಖ, ತಲೆ, ಬಲಗೈ ಚೆನ್ನಾಗಿ ಬಂದವು. ಎರಡು ಕಡೆ ಎಡವಿತು. ಸೆರಗಿನ ತುದಿ ಕಪಾಟಿನಲ್ಲಿದ್ದ ಇನ್ನೊಂದು ಕೆಂಪು ಸೀರೆಯ ಮುಂದೆ ಬಂದಿತ್ತು. ಎರಡೂ ಕೆಂಪು. ಸಾಫ್ಟ್‌ವೇರ್ ಸೆರಗಿನ ಒಂದು ಗೇಣು ತಿಂದುಹಾಕಿತು. ಇನ್ನೊಂದು, ಅವರು ಸೊಂಟದ ಮೇಲೆ ಕೈ ಇಟ್ಟು ನಿಂತಿದ್ದರು. ಕೈಗೂ ಸೊಂಟಕ್ಕೂ ನಡುವಿನ ಮೂರು ಮೂಲೆಯ ಸಂದಿಯಲ್ಲಿ ಕಪಾಟು ಹಾಗೇ ಉಳಿಯಿತು. ಆ ಚೂರು ಸಾಲದೇ? ಮುಂದಿನ ಚಿತ್ರದಲ್ಲೂ ಮೆಟ್ಟಿಲಿನ ಮೇಲೆ ಒಂದೆರಡು ಪಟ್ಟೆ ಬಂದವು.

ಮೂರನೇ ಪ್ರಯತ್ನದಲ್ಲಿ ಆ ಎರಡು ಜಾಗವನ್ನು ಕೈಯಿಂದ ತಿದ್ದಿದೆ. ಇಪ್ಪತ್ತು ನಿಮಿಷ ಹಿಡಿಯಿತು. ಹಿಂದೆ ಬೂದು ಬಣ್ಣ ತುಂಬಿ, ಚೌಕ ಮಾಡಿ ಕೊಟ್ಟೆ. ಮೆಟ್ಟಿಲು ಮೆಟ್ಟಿಲಾಯಿತು, ಸೆರಗು ಕೆಂಪಾಯಿತು.

ಮತ್ತೆ ಫೋಟೋ ತೆಗೆಯುವುದು

ವ್ಯಕ್ತಿ ಸಿಗುತ್ತಾರೆ ಅಂದರೆ ನನ್ನ ಮೊದಲ ಸಲಹೆ ಇದೇ. ಇಪ್ಪತ್ತು ನಿಮಿಷ ಅಂಚು ಬಿಡಿಸುವ ಬದಲು ಐದು ನಿಮಿಷದಲ್ಲಿ ಹೊಸ ಫೋಟೋ ಬರುತ್ತದೆ. ಮನೆಯ ಪಡಸಾಲೆಯ ನೆರಳಿನಲ್ಲಿ, ಬೆಳಿಗ್ಗೆಯ ಹೊತ್ತು, ಒಂದು ಬಣ್ಣದ ಚಾದರ ಕಟ್ಟಿ. ಕೌದಿ ಬೇಡ, ಅದರ ತುಂಡುಗಳ ಬಣ್ಣವೆಲ್ಲ ಚಿತ್ರಕ್ಕೆ ಬರುತ್ತದೆ. ಹೊಳೆಯುವ ಬಟ್ಟೆಯೂ ಬೇಡ. ಉಟ್ಟ ಬಟ್ಟೆಯ ಬಣ್ಣಕ್ಕಿಂತ ಚಾದರದ ಬಣ್ಣ ದೂರ ಇರಲಿ. ಕೆಂಪು ಸೆರಗಿಗೆ ತಿಳಿ ಬೂದು ಅಥವಾ ತಿಳಿ ನೀಲಿ ಒಳ್ಳೆಯದು.

ಚಾದರಕ್ಕೆ ಒತ್ತಿ ನಿಲ್ಲಿಸಬೇಡಿ. ನಾಲ್ಕೈದು ಅಡಿ ಮುಂದೆ ನಿಲ್ಲಿಸಿ. ಹತ್ತಿರ ನಿಂತರೆ ಎರಡು ತೊಂದರೆ. ಅವರ ನೆರಳು ಚಾದರದ ಮೇಲೆ ಬಿದ್ದು ಅಂಚಿಗೆ ಅಂಟಿಕೊಳ್ಳುತ್ತದೆ. ಜೊತೆಗೆ ಚಾದರದ ಬಣ್ಣ ಕೆನ್ನೆಯ ಪಕ್ಕಕ್ಕೆ, ಬಿಳಿ ಅಂಗಿಯ ತೋಳಿಗೆ ಬಡಿಯುತ್ತದೆ. ಹಸಿರು ಚಾದರ ಕಟ್ಟಿ ತೆಗೆದ ಫೋಟೋದಲ್ಲಿ ಕೆನ್ನೆ ಹಸಿರಾಗಿದ್ದರೆ ಹಿನ್ನೆಲೆ ತೆಗೆದರೂ ಆ ಹಸಿರು ಹೋಗುವುದಿಲ್ಲ. ಅದು ಈಗ ಚರ್ಮದ ಬಣ್ಣ.

ಈ ದಾರಿಯ ಕೊರತೆ ಗೊತ್ತೇ ಇದೆ. ಎಲ್ಲರೂ ಮತ್ತೆ ಬಂದು ನಿಲ್ಲುವುದಿಲ್ಲ. ಮಗುವಿನ ಆ ಒಂದು ನಗು ಮತ್ತೆ ಬರುವುದಿಲ್ಲ.

ಕತ್ತರಿಸುವುದು

ಬೇಕಾದದ್ದು ಮುಖ ಮಾತ್ರ ಅಂದರೆ ಕತ್ತರಿ ಸಾಕು. ಮುಖ ಓದುವ ಟೂಲ್‌ಗೆ ಅಂಚು ಬಿಡಿಸಿ ಕೊಡುವುದರಿಂದ ಯಾವ ಲಾಭವೂ ಇಲ್ಲ. ತಲೆಯ ಮೇಲೆ ಒಂದಿಷ್ಟು ಜಾಗ, ಕೆಳಗೆ ಭುಜದವರೆಗೆ ಬಿಟ್ಟು ಕತ್ತರಿಸಿ. ಮುಖಕ್ಕೆ ತೀರಾ ಒತ್ತಿ ಕತ್ತರಿಸಿದರೆ ಮುಖ ಹುಡುಕುವ ಭಾಗವೇ ತಡಕಾಡುತ್ತದೆ.

ಆದರೆ ಒಂದು ಎಚ್ಚರ. ನಮ್ಮ ಮನೆಗಳಲ್ಲಿ ಹಿರಿಯರು ಕುರ್ಚಿ ಹಾಕಿಕೊಂಡು ಕೂರುವುದು ಗೋಡೆಯ ಫೋಟೋಗಳ ಕೆಳಗೇ ಅಲ್ವಾ? ದೇವರದು, ಗುರುಗಳದು, ಅವರ ತಂದೆ ತಾಯಿಯದು. ಅವೂ ಮುಖಗಳೇ. ಟೂಲ್‌ಗಳು ಸಾಮಾನ್ಯವಾಗಿ ದೊಡ್ಡ ಮುಖವನ್ನೋ ಮೊದಲು ಸಿಕ್ಕ ಮುಖವನ್ನೋ ಹಿಡಿಯುತ್ತವೆ. ಬಂದ ಚಿತ್ರ ಬೇರೆ ಯಾರನ್ನೋ ಹೋಲುತ್ತಿದ್ದರೆ ಮೊದಲು ಗೋಡೆ ನೋಡಿ. ಕತ್ತರಿಸಿದ ಭಾಗದೊಳಗೆ ಇನ್ನೊಂದು ಮುಖ ಉಳಿದಿದ್ದರೆ ಅದರ ಮೇಲೆ ಸುಮ್ನೆ ಒಂದು ಬೂದು ಚೌಕ ಬಳಿದರೂ ಸಾಕು. ಇಲ್ಲಿ ಅಂದ ಬೇಕಿಲ್ಲ.

ಸೀರೆ, ನಿಲುವು, ಮೈಕಟ್ಟು ಬೇಕು ಅನ್ನುವವರಿಗೆ ಈ ದಾರಿ ಆಗುವುದಿಲ್ಲ.

ತಾನಾಗಿ ಬಿಡಿಸುವ ಸಾಫ್ಟ್‌ವೇರ್

ಹೆಚ್ಚಿನವರಿಗೆ ಇದೇ ನಡುವಿನ ದಾರಿ. ಮೊಬೈಲ್ ಆ್ಯಪ್‌ಗಳು, ವೆಬ್‌ಸೈಟ್‌ಗಳು ಬೇಕಾದಷ್ಟಿವೆ. ಆದರೆ ಮನೆಯ ಹೆಣ್ಣುಮಕ್ಕಳ, ಚಿಕ್ಕ ಮಕ್ಕಳ ಫೋಟೋವನ್ನು ಗೊತ್ತಿಲ್ಲದ ವೆಬ್‌ಸೈಟಿಗೆ ಹಾಕೋದು ನನಗೆ ಸರಿ ಅನ್ನಿಸುವುದಿಲ್ಲ. ಗಿರಾಕಿಯ ಫೋಟೋ ಆದರಂತೂ ಹಾಕಲೇಬಾರದು. ಉಚಿತ ತಾಣಗಳು ಎಷ್ಟೋ ಸಲ ಚಿಕ್ಕ ಸೈಜಿನ ಫೋಟೋ ಮಾತ್ರ ವಾಪಸ್ ಕೊಡುತ್ತವೆ. 224 ಪಿಕ್ಸೆಲ್ ನೋಡುವ ಟೂಲ್‌ಗೆ ಅದು ನಡೆಯುತ್ತದೆ, ಚಿತ್ರ ತಿದ್ದುವ ಮಾಡೆಲ್‌ಗೆ ಸಾಲುವುದಿಲ್ಲ.

ಲ್ಯಾಪ್‌ಟಾಪ್ ಇದ್ದರೆ `rembg` ಹಾಕಿಕೊಳ್ಳಿ. ಪೈಥಾನ್ ಇರುವ ಯಾವ ಲ್ಯಾಪ್‌ಟಾಪಿನಲ್ಲೂ ನಡೆಯುತ್ತದೆ, ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ಫೋಟೋ ನಿಮ್ಮ ಯಂತ್ರ ಬಿಟ್ಟು ಹೋಗುವುದಿಲ್ಲ.

```
pip install "rembg[cpu,cli]"
rembg i -m isnet-general-use soose.jpg soose.png
rembg i -m isnet-general-use -om soose.jpg mask.png
```

ಎರಡನೇ ಸಾಲು ಹಿನ್ನೆಲೆ ತೆಗೆದ ಫೋಟೋ ಕೊಡುತ್ತದೆ. ಮೂರನೆಯದು ಮಾಸ್ಕ್ ಮಾತ್ರ ಕೊಡುತ್ತದೆ. ಅಂದರೆ ವ್ಯಕ್ತಿ ಇರುವ ಜಾಗ ಬಿಳಿ, ಉಳಿದದ್ದು ಕಪ್ಪು. ಕೈಯಿಂದ ತಿದ್ದುವವರಿಗೆ ಈ ಮಾಸ್ಕ್ ಬೇಕಾಗುತ್ತದೆ. ಮೊದಲ ಸಲ ಓಡಿಸಿದಾಗ ಮಾಡೆಲ್ ಫೈಲ್ ಇಳಿಯುತ್ತದೆ, ಸುಮಾರು 180 ಎಂಬಿ. ಹಾಗಾಗಿ ನೆಟ್ ಚೆನ್ನಾಗಿರುವಾಗ ಒಮ್ಮೆ ಓಡಿಸಿಟ್ಟುಕೊಳ್ಳಿ. ಬಿಚ್ಚುಗೂದಲಿನ ಫೋಟೋ ಆದರೆ `birefnet-portrait` ಅನ್ನುವ ಮಾಡೆಲ್ ಹಾಕಿ ನೋಡಿ. ಅದರ ಫೈಲ್ ತುಂಬ ದೊಡ್ಡದು, ಹಳೆಯ ಲ್ಯಾಪ್‌ಟಾಪಿನಲ್ಲಿ ನಿಧಾನ, ಆದರೆ ಕೂದಲನ್ನು ಚೆನ್ನಾಗಿ ಹಿಡಿಯುತ್ತದೆ.

ಇಲ್ಲಿ ಬಹಳ ಜನ ಮುಗ್ಗರಿಸುವ ಒಂದು ಜಾಗ ಇದೆ. ಬಂದ ಪಿಎನ್‌ಜಿ ಫೈಲಿನ ಹಿಂಭಾಗ ಪಾರದರ್ಶಕ. ನೋಡೋಕೆ ಖಾಲಿ. ಆದರೆ ಆ ಖಾಲಿ ಜಾಗದ ಪ್ರತಿ ಪಿಕ್ಸೆಲ್‌ಗೂ ಒಳಗೊಂದು ಬಣ್ಣ ಇದ್ದೇ ಇರುತ್ತದೆ. ಚಿತ್ರ ಮಾಡುವ ಎಷ್ಟೋ ಟೂಲ್‌ಗಳು ಪಾರದರ್ಶಕತೆಯನ್ನು ಕಿತ್ತೆಸೆದು ಆ ಬಣ್ಣವನ್ನೇ ಓದುತ್ತವೆ. `rembg`ನಿಂದ ಬಂದ ಫೈಲ್ ಆದರೆ ಹಿಂದೆಲ್ಲ ಕಡುಗಪ್ಪು ಬರುತ್ತದೆ. ಫೋಟೋ ತಿದ್ದುವ ಉಚಿತ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಎಕ್ಸ್‌ಪೋರ್ಟ್ ಮಾಡುವಾಗ `Save color values from transparent pixels` ಅನ್ನುವುದಕ್ಕೆ ಟಿಕ್ ಇದ್ದರೆ ಇನ್ನೂ ಫಜೀತಿ. ನೀವು ಅಳಿಸಿದ ಕಪಾಟು, ಕ್ಯಾಲೆಂಡರ್ ಎಲ್ಲ ಅದರೊಳಗೇ ಕೂತಿರುತ್ತವೆ, ಮಾಡೆಲ್‌ಗೆ ಕಾಣುತ್ತವೆ. ಹಿನ್ನೆಲೆ ತೆಗೆದರೂ ಚಿತ್ರದಲ್ಲಿ ಬರ್ತಾ ಇದೆ ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇದೇ ಕಾರಣ ಇರುತ್ತದೆ. ಆದ್ದರಿಂದ ಪಾರದರ್ಶಕ ಫೈಲ್ ಕೊಡಲೇಬೇಡಿ. ಹಿಂದೆ ಒಂದು ಬಣ್ಣ ತುಂಬಿ, ಚಪ್ಪಟೆ ಮಾಡಿ ಕೊಡಿ.

ಯಾವ ಬಣ್ಣ? ನಾನು ನಡು ಬೂದು ಹಾಕುತ್ತೇನೆ, `808080`. ಬಿಳಿ ಹಾಕಿದರೆ ಬಿಳಿ ಧೋತರ, ಬಿಳಿ ರುಮಾಲು ಹಿನ್ನೆಲೆಯಲ್ಲಿ ಕರಗುತ್ತವೆ. ಕಪ್ಪು ಹಾಕಿದರೆ ಕೂದಲು ಕರಗುತ್ತದೆ. ಬೂದಿನ ಮುಂದೆ ಎರಡೂ ಉಳಿಯುತ್ತವೆ. ಆದರೆ ಬೂದು ಕೂಡ ಹಿನ್ನೆಲೆಯೇ, ಅದೂ ಸಾರಿಗೆ ಬೀಳುತ್ತದೆ. ಚಿತ್ರದ ಹಿನ್ನೆಲೆ ಸಪ್ಪೆಯಾಗಿ, ಸ್ಟುಡಿಯೋ ಪರದೆಯಂತೆ ಬರತೊಡಗಿದರೆ ಐಪಿ-ಅಡಾಪ್ಟರ್‌ನ ತೂಕವನ್ನು, ಅಂದರೆ ಚಿತ್ರದ ಮೇಲೆ ಫೋಟೋದ ಪ್ರಭಾವವನ್ನು, 1ರಿಂದ 0.6 ಅಥವಾ 0.7ಕ್ಕೆ ಇಳಿಸಿ. ಬೇಕಾದ ಜಾಗವನ್ನು ಪ್ರಾಂಪ್ಟ್‌ನಲ್ಲಿ ಬಿಡಿಸಿ ಬರೆಯಿರಿ. ತೂಕ ಇಳಿಸಿದಷ್ಟೂ ಮುಖದ ಹೋಲಿಕೆಯೂ ಸ್ವಲ್ಪ ಸಡಿಲವಾಗುತ್ತದೆ. ಅಲ್ಲಿ ನಿಮಗೆ ಯಾವುದು ಹೆಚ್ಚು ಬೇಕೋ ಅದನ್ನು ಹಿಡಿಯಬೇಕು.

ಕೈಯಿಂದ ತಿದ್ದುವುದು

ಪೂರ್ತಿ ಕೈಯಿಂದಲೇ ಬಿಡಿಸುವ ಕಾಲ ಹೋಯಿತು. ಸಾಫ್ಟ್‌ವೇರ್ ಕೊಟ್ಟ ಮಾಸ್ಕ್ ಮೇಲೆ ತಪ್ಪಿದ ಕಡೆ ಮಾತ್ರ ತಿದ್ದುವುದು ಜಾಣತನ. ಗಿಂಪ್‌ನಲ್ಲಿ ಮೂಲ ಫೋಟೋ ತೆರೆಯಿರಿ. ಆ ಪದರಕ್ಕೆ ಒಂದು ಬಿಳಿ ಲೇಯರ್ ಮಾಸ್ಕ್ ಸೇರಿಸಿ. `mask.png` ತೆರೆದು ಕಾಪಿ ಮಾಡಿ, ಲೇಯರ್ ಮಾಸ್ಕ್ ಮೇಲೆ ಪೇಸ್ಟ್ ಮಾಡಿ, ಆ್ಯಂಕರ್ ಒತ್ತಿ. ಈಗ ಬಿಳಿ ಬ್ರಶ್‌ನಿಂದ ಬಳಿದರೆ ತಿಂದುಹೋದ ಸೆರಗು ವಾಪಸ್ ಬರುತ್ತದೆ. ಕಪ್ಪು ಬ್ರಶ್‌ನಿಂದ ಬಳಿದರೆ ಕೈ ಸಂದಿಯ ಕಪಾಟು ಹೋಗುತ್ತದೆ. ಮೂಲ ಫೋಟೋಕ್ಕೆ ಏನೂ ಆಗುವುದಿಲ್ಲ, ಎಷ್ಟು ಸಲ ಬೇಕಾದರೂ ಹಿಂದೆ ಮುಂದೆ ಮಾಡಬಹುದು.

ತಿದ್ದುವಾಗ ಕೆಳಗೆ ಬೂದು ಬಣ್ಣದ ಪದರ ಇಡಬೇಡಿ. ಕಣ್ಣಿಗೆ ಹೊಡೆಯುವ ರಾಣಿ ಬಣ್ಣ ಇಡಿ. ಬಿಟ್ಟುಹೋದ ಚೂರು, ಕೂದಲ ಸುತ್ತ ಉಳಿದ ಗೋಡೆಯ ಬಣ್ಣ ಎಲ್ಲ ಎದ್ದು ಕಾಣುತ್ತವೆ. ಹಸಿರು ಗೋಡೆಯ ಮುಂದೆ ನಿಂತವರ ತಲೆಯ ಸುತ್ತ ಹಸಿರು ಗೆರೆ ಉಳಿದರೆ ಮಾಸ್ಕನ್ನು ಒಂದೆರಡು ಪಿಕ್ಸೆಲ್ ಒಳಕ್ಕೆ ಕುಗ್ಗಿಸಿ. ಎಲ್ಲ ಸರಿಹೋದ ಮೇಲೆ ರಾಣಿ ಬಣ್ಣ ತೆಗೆದು ಬೂದು ಹಾಕಿ.

ಯಾರಿಗೆ ಇಷ್ಟು ಕಷ್ಟ ಬೇಕು? ಇಡೀ ಉಡುಪು ಬೇಕಾದವರಿಗೆ, ಅಂಚು ಕಷ್ಟದ್ದಾದವರಿಗೆ. ಇಲ್ಲದಿದ್ದರೆ ಬೇಡ. ಕೂದಲಿನ ಒಂದೊಂದು ಎಳೆ ಬಿಡಿಸುತ್ತಾ ಕೂರುವುದಂತೂ ಬೇಡವೇ ಬೇಡ. 224 ಪಿಕ್ಸೆಲ್‌ಗೆ ಕುಗ್ಗಿದಾಗ ಆ ಎಳೆಗಳೇ ಇರುವುದಿಲ್ಲ. ಸಂದಿಯಲ್ಲಿ ಉಳಿದ ದೊಡ್ಡ ತುಂಡು ಮಾತ್ರ ಹಾಳು ಮಾಡುತ್ತದೆ.

ಸಾಮಾನು ಮಾತ್ರ ಅಳಿಸುವುದು

ವಿಜಯಪುರದಿಂದ ಒಬ್ಬ ಹುಡುಗ ತನ್ನ ಅಜ್ಜನ ಫೋಟೋ ತಂದಿದ್ದ. ಅಜ್ಜ ಈಗಿಲ್ಲ. ಸುಣ್ಣ ಬಳಿದ ಗೋಡೆಯ ಮುಂದೆ ಬಿಳಿ ರುಮಾಲು ಸುತ್ತಿ ಕೂತಿದ್ದಾರೆ. ಪಕ್ಕದಲ್ಲಿ ಕ್ಯಾಲೆಂಡರ್, ತಲೆಯ ಮೇಲೆ ಹಾರ ಹಾಕಿದ ಒಂದು ಫ್ರೇಮು, ಅಡ್ಡಲಾಗಿ ಒಂದು ಕರೆಂಟ್ ವೈರು. ತಾನಾಗಿ ಬಿಡಿಸುವ ಸಾಫ್ಟ್‌ವೇರ್ ಗೋಡೆಯ ಜೊತೆ ಅರ್ಧ ರುಮಾಲನ್ನೂ ತೆಗೆದುಹಾಕಿತು. ಬಿಳಿಗೂ ಬಿಳಿಗೂ ನಡುವೆ ಗೆರೆ ನನ್ನ ಕಣ್ಣಿಗೇ ಸರಿಯಾಗಿ ಕಾಣುತ್ತಿರಲಿಲ್ಲ, ಕೈಯಿಂದ ಬಿಡಿಸಿದರೆ ಅದು ನಾನು ಊಹಿಸಿದ ರುಮಾಲಾಗುತ್ತಿತ್ತು.

ಆಗ ಹೊಳೆದದ್ದು, ಅಜ್ಜನನ್ನು ಬಿಡಿಸುವುದೇ ಬೇಡ. ಸುಣ್ಣದ ಗೋಡೆ ತಾನೇ ಸಾದಾ ಹಿನ್ನೆಲೆ. ತೆಗೆಯಬೇಕಾದ್ದು ಮೂರು ಸಾಮಾನು ಮಾತ್ರ. ಇದಕ್ಕೆ ಲಾಮಾ ಅನ್ನುವ ಮಾಡೆಲ್ ಇದೆ, ಅದನ್ನು ಐಒಪೇಂಟ್ ಮೂಲಕ ಬಳಸಬಹುದು.

```
pip3 install iopaint
iopaint start --model=lama --device=cpu --port=8080
```

ಆಮೇಲೆ ಬ್ರೌಸರ್‌ನಲ್ಲಿ `http://localhost:8080` ತೆರೆದು, ಬೇಡದ ವಸ್ತುವಿನ ಮೇಲೆ ಬ್ರಶ್ ಆಡಿಸಿದರೆ ಆಯಿತು. ಲಾಮಾ ಹೊಸದೇನನ್ನೂ ಕಟ್ಟಿ ತರುವುದಿಲ್ಲ, ಸುತ್ತಲಿನ ಗೋಡೆಯನ್ನೇ ಎಳೆದು ಮುಚ್ಚುತ್ತದೆ. ಸಾದಾ ಗೋಡೆಗೆ ಅದು ತುಂಬ ಚೆನ್ನಾಗಿ ಹೊಂದುತ್ತದೆ. ಬ್ರಶ್ ಆಡಿಸುವಾಗ ವಸ್ತುವನ್ನಷ್ಟೇ ಅಲ್ಲ, ಅದರ ನೆರಳನ್ನೂ ಮುಚ್ಚಿ, ಸ್ವಲ್ಪ ಆಚೆಗೂ ಹೋಗಿ. ನಾನು ಮೊದಲ ಸಲ ಫ್ರೇಮು ಮಾತ್ರ ಬಳಿದೆ, ಕೆಳಗಿನ ನೆರಳು ಬಿಟ್ಟೆ. ಆ ನೆರಳನ್ನೇ ಮೇಲಕ್ಕೆಳೆದು ಗೋಡೆಯ ಮೇಲೆ ಒಂದು ಕಂದು ಕಲೆ ಮಾಡಿತು. ನೆರಳೂ ಸೇರಿಸಿ ಬಳಿದಾಗ ಸುಣ್ಣದ ಗೋಡೆ ಬಂತು. ವೈರು ರುಮಾಲಿನ ಹಿಂದೆ ಹೋಗುವ ಜಾಗದಲ್ಲಿ ಸಣ್ಣ ಬ್ರಶ್ ಹಿಡಿದು, ರುಮಾಲಿಗೆ ತಾಗದಂತೆ ನಿಲ್ಲಿಸಿದೆ.

ಇದೇ ದಾರಿ ಇಳಕಲ್ಲಿನ ಫೋಟೋಕ್ಕೆ ಬರುತ್ತಿರಲಿಲ್ಲ. ಅಲ್ಲಿ ಹಿಂದೆ ಗೋಡೆಯೇ ಕಾಣುತ್ತಿರಲಿಲ್ಲ. ಏನನ್ನು ಎಳೆದು ಮುಚ್ಚಬೇಕು? ಹಿನ್ನೆಲೆಯ ಹೆಚ್ಚಿನ ಪಾಲು ಸಾದಾ ಇದ್ದರೆ ಅಳಿಸಿ, ಹೆಚ್ಚಿನ ಪಾಲು ಗದ್ದಲವೇ ಇದ್ದರೆ ವ್ಯಕ್ತಿಯನ್ನು ಬಿಡಿಸಿ.

ಚಿತ್ರ ತಿದ್ದುವ ಮಾಡೆಲ್‌ಗೇ ಹಿನ್ನೆಲೆ ಬದಲಿಸಲು ಹೇಳಿದರೆ ಆಗಲ್ವಾ ಅಂತ ಬೆಳಗಾವಿಯ ಒಬ್ಬ ಓದುಗರು ಕೇಳಿದ್ದರು. ಆಗುತ್ತದೆ, ಅಂಚೂ ಸೊಗಸಾಗಿ ಬರುತ್ತದೆ. ಆದರೆ ಅದು ಫೋಟೋವನ್ನು ಮತ್ತೆ ಬರೆಯುತ್ತದೆ. ಮೂಗಿನ ತುದಿ, ಕಣ್ಣಿನ ರೆಪ್ಪೆ ಒಂದು ಕೂದಲೆಳೆಯಷ್ಟು ಬದಲಾಗಬಹುದು. ಆ ಚಿತ್ರವನ್ನೇ ಆಕರವಾಗಿ ಇಟ್ಟುಕೊಂಡು ಮುಂದಿನದನ್ನು ಮಾಡಿದರೆ ತಪ್ಪು ದುಪ್ಪಟ್ಟಾಗುತ್ತದೆ. ಅಜ್ಜನ ವಿಷಯದಲ್ಲಿ ನಾನು ಅದಕ್ಕೆ ಕೈಹಾಕಲಿಲ್ಲ. ಮೊಮ್ಮಗ ನೋಡುವುದು ಆ ಮುಖವನ್ನೇ ಅಲ್ವಾ? ಬಳಸಲೇಬೇಕಾದರೆ ಬದಲಾದ ಹಿನ್ನೆಲೆಯನ್ನು ಮಾತ್ರ ತೆಗೆದುಕೊಂಡು, ಮಾಸ್ಕ್ ಇಟ್ಟು ಮೂಲ ವ್ಯಕ್ತಿಯನ್ನು ಅದರ ಮೇಲೆ ವಾಪಸ್ ಕೂರಿಸಿ.

ಚೌಕ ಮಾಡುವುದನ್ನು ಮರೆಯಬೇಡಿ

ಯಾವ ದಾರಿ ಹಿಡಿದರೂ, ಇಡೀ ಚಿತ್ರ ನೋಡುವ ಟೂಲ್ ಆದರೆ ಕೊನೆಗೆ ಫೋಟೋವನ್ನು ಚೌಕ ಮಾಡಬೇಕು. ಯಾಕೆ ಅಂದರೆ ಅದು ಚಿಕ್ಕ ಬದಿಯನ್ನು 224ಕ್ಕೆ ತಂದು, ಉದ್ದದ ಬದಿಯಲ್ಲಿ ಮಿಕ್ಕದ್ದನ್ನು ಮೇಲೆ ಕೆಳಗೆ ಸಮನಾಗಿ ಕತ್ತರಿಸುತ್ತದೆ. 3000ಕ್ಕೆ 4000ದ ಫೋಟೋದಲ್ಲಿ ಮೇಲಿನಿಂದ 500, ಕೆಳಗಿನಿಂದ 500 ಪಿಕ್ಸೆಲ್ ಹೋಗುತ್ತದೆ. ಇಳಕಲ್ಲಿನ ಆ ಫೋಟೋದಲ್ಲಿ ತಲೆ ಶುರುವಾಗುವುದೇ ಮೇಲಿನಿಂದ 300ಕ್ಕೆ. ಅಂದರೆ ಹಣೆ, ಕುಂಕುಮ ಎರಡೂ ಮಾಡೆಲ್‌ಗೆ ಕಾಣಿಸಿರಲೇ ಇಲ್ಲ. ಎಡಬಲಕ್ಕೆ ಬೂದು ಸೇರಿಸಿ 4000ಕ್ಕೆ 4000 ಮಾಡಿದರೆ ಏನೂ ಕತ್ತರಿಸಿ ಹೋಗುವುದಿಲ್ಲ.

ಹಿನ್ನೆಲೆ ಎಷ್ಟು ಸ್ವಚ್ಛ ಮಾಡಿದರೂ ಆಗದ ಒಂದು ಕೆಲಸ ಇದೆ. ಅವರ ಸೆರಗು ಫೋಟೋದಲ್ಲಿ ಸುಮಾರು 500 ಪಿಕ್ಸೆಲ್ ಅಗಲ. ಕುಗ್ಗಿದ ಮೇಲೆ 28. ಆ 28 ಪಿಕ್ಸೆಲ್‌ನಲ್ಲಿ ತೋಪು ತೆನೆಯ ಸಾಲು ಉಳಿಯುವುದಿಲ್ಲ. ಬಣ್ಣ ಸರಿ ಬರುತ್ತದೆ, ನೇಯ್ಗೆ ಮಾಡೆಲ್‌ನ ಸ್ವಂತದ್ದು. ಮಾರಾಟಕ್ಕಿಟ್ಟ ಸೀರೆಯ ಚಿತ್ರದಲ್ಲಿ ಇದು ಗಿರಾಕಿಗೆ ಮೋಸ ಆಗುತ್ತದೆ. ಹಾಗಾಗಿ ಆ ವ್ಯಾಪಾರಿಗೆ ಕೊನೆಗೆ ಕೊಟ್ಟದ್ದು ಬೇರೆ. ಬಾದಾಮಿಯ ಹಿನ್ನೆಲೆಯನ್ನು ಎಐನಿಂದ ಮಾಡಿ, ಅದರ ಮುಂದೆ ತಿದ್ದಿದ ಮಾಸ್ಕ್ ಬಳಸಿ ಅವರ ಸೊಸೆಯ ಮೂಲ ಫೋಟೋವನ್ನೇ ಕೂರಿಸಿದೆ. ಸೀರೆಯ ಒಂದು ಎಳೆಯೂ ಬದಲಾಗಲಿಲ್ಲ.

ಹತ್ತಾರು ಫೋಟೋ ಕೊಟ್ಟು ಮಾಡೆಲ್‌ಗೆ ಒಬ್ಬರ ಮುಖ ಕಲಿಸುವ ಲೋರಾ ತರಬೇತಿ ಮಾಡುವವರಿಗೆ ಲೆಕ್ಕ ತಿರುಗುಮುರುಗು. ಎಲ್ಲ ಫೋಟೋಗಳ ಹಿಂದೆಯೂ ಒಂದೇ ಬೂದು ಹಾಕಿದರೆ, ಆ ಬೂದು ಕೂಡ ವ್ಯಕ್ತಿಯ ಗುರುತು ಅಂತಲೇ ಮಾಡೆಲ್ ಕಲಿಯುತ್ತದೆ. ಅಲ್ಲಿ ಬೇರೆ ಬೇರೆ ಹಿನ್ನೆಲೆ ಇರುವುದೇ ಒಳ್ಳೆಯದು. ಪ್ರತಿ ಫೋಟೋದ ಕ್ಯಾಪ್ಷನ್‌ನಲ್ಲಿ ಹಿಂದೆ ಏನಿದೆ ಅಂತ ಬರೆದುಬಿಡಿ. ಎಲ್ಲದರಲ್ಲೂ ಅದೇ ಕಪಾಟು, ಅದೇ ಗೋಡೆ ಬಂದಿದ್ದರೆ ಮಾತ್ರ ಕೆಲವನ್ನು ಬದಲಿಸಿ.

ಮಾಡಿದ್ದು ಸಾಕಾಯಿತೋ ಇಲ್ಲವೋ ನೋಡೋಕೆ ಒಂದು ಪರೀಕ್ಷೆ ಇದೆ. ಸೀಡ್ ಸಂಖ್ಯೆ ಒಂದೇ ಇರಲಿ, ಪ್ರಾಂಪ್ಟ್ ಒಂದೇ ಇರಲಿ. ಮೂಲ ಫೋಟೋ ಇಟ್ಟು ನಾಲ್ಕು ಚಿತ್ರ ಮಾಡಿ, ಸ್ವಚ್ಛ ಮಾಡಿದ್ದನ್ನು ಇಟ್ಟು ನಾಲ್ಕು ಮಾಡಿ. ಪಕ್ಕಪಕ್ಕ ಇಟ್ಟು ಮುಖ ಬಿಟ್ಟು ಹಿಂದೆ ಮಾತ್ರ ನೋಡಿ. ಹಳೆಯ ಬಣ್ಣ, ಹಳೆಯ ಪಟ್ಟೆ ಎರಡನೇ ಸಾಲಿನಲ್ಲೂ ಕಂಡರೆ ಕೈ ಸಂದಿ, ಕಾಲುಗಳ ನಡುವಿನ ಜಾಗ, ಜಡೆಯ ಪಕ್ಕ ನೋಡಿ. ಅಲ್ಲೂ ಇಲ್ಲದಿದ್ದರೆ ಫೈಲ್ ಇನ್ನೂ ಪಾರದರ್ಶಕವಾಗಿಯೇ ಇದೆಯಾ ನೋಡಿ.